ಏಳು ಫೋಟೋ, ಒಂದೇ ಒಕ್ಕಣೆ

ಸೋಮವಾರ ಗೋಪುರದ ಸೆರಗು, ಮಂಗಳವಾರ ಆನೆ ಅಂಬಾರಿ, ಬುಧವಾರ ಖಣದ ಕುಪ್ಪಸದ ತೋಳು, ಗುರುವಾರ ತುಳಸಿಕಟ್ಟೆ. ಫೋಟೋ ದಿನಕ್ಕೊಂದು ಬೇರೆ, ಕೆಳಗಿನ ಒಕ್ಕಣೆ ಮಾತ್ರ ವಾರವಿಡೀ ಅದೇ. ‘ನಮಸ್ಕಾರ ಸ್ನೇಹಿತರೇ, ಅಪ್ಪಟ ಧಾರವಾಡ ಕೈಕಸೂತಿ, ಗುಣಮಟ್ಟದಲ್ಲಿ ರಾಜಿ ಇಲ್ಲ, ಬೆಲೆಗೆ ಮೆಸೇಜ್ ಮಾಡಿ.’ ಒಮ್ಮೊಮ್ಮೆ ಸ್ನೇಹಿತರು ಇದ್ದಲ್ಲಿ ಗೆಳತಿಯರು ಬರುತ್ತಾರೆ, ಕೈಮುಗಿದ ಚಿತ್ರದ ಜಾಗದಲ್ಲಿ ಗುಲಾಬಿ ಬರುತ್ತದೆ, ಅಷ್ಟೇ. ಇಂಥವನ್ನು ನೀವೂ ದಿನಾ ನೋಡುತ್ತೀರಿ, ಅಲ್ಲೇನ್ರಿ? ರೊಟ್ಟಿ-ಹಿಂಡಿ ಮಾಡಿ ಕೊಡುವವರು, ಟ್ಯೂಷನ್ ಹೇಳುವವರು, ಮದುವೆಗೆ ಮೆಹಂದಿ ಹಾಕುವವರು, ಎಲ್ಲರದೂ ಹೆಚ್ಚುಕಡಿಮೆ ಇದೇ ರಾಗ.

ನಾನು ಹೇಳುತ್ತಿರುವುದು ನಮ್ಮ ಮಾಳಮಡ್ಡಿಯ ಆಚೆ ಮನೆಯ ವೈನಿಯವರ ಸುದ್ದಿ. ಮಧ್ಯಾಹ್ನದ ಊಟ ಮುಗಿಸಿ ಓಣಿಯ ನಾಲ್ಕೈದು ಹೆಣ್ಣುಮಕ್ಕಳು ಅವರ ಪಡಸಾಲೆಯಲ್ಲಿ ಕೂಡುತ್ತಾರೆ, ಇಲಕಲ್ ಸೀರೆ ತೊಡೆಯ ಮೇಲೆ ಹರವಿಕೊಂಡು ಕಸೂತಿ ಹಾಕುತ್ತಾರೆ. ವೈನಿಯವರದು ಸೂಜಿಯ ಕಡೆಯ ಕಾರಭಾರ, ಸೊಸೆಯದು ಇನ್‌ಸ್ಟಾಗ್ರಾಂ ಕಡೆಯದು. ಸೊಸೆ ಫೋಟೋ ತೆಗೆಯುವುದರಲ್ಲಿ ಭಾಳ ಹುಷಾರು. ಕಿಟಕಿಯ ಓರೆ ಬೆಳಕಿಗೆ ಸೆರಗು ಹಿಡಿದು ಒಂದೊಂದು ಎಳೆಯೂ ಎದ್ದು ಕಾಣುವ ಹಾಗೆ ತೆಗೆಯುತ್ತಾಳೆ. ಆದರೂ, ‘ದಿನಾ ಹಾಕ್ತೀನ್ರಿ ಮೌಶಿ, ಮಂದಿ ನೋಡ್ತಾರ, ಹಾರ್ಟ್ ಒತ್ತತಾರ, ಮುಂದ ಹೋಗ್ತಾರ’ ಅನ್ನುತ್ತಿದ್ದಳು. ಮಣ್ಣೆತ್ತಿನ ಅಮಾವಾಸ್ಯೆ ಮುಗಿದಿತ್ತು. ಪಂಚಮಿಗೆ ಇನ್ನೊಂದು ತಿಂಗಳು. ನಮ್ಮ ಕಡೆ ನಾಗರ ಪಂಚಮಿ ಅಂದರೆ ಗೊತ್ತಲ್ಲ, ಕೊಟ್ಟ ಹೆಣ್ಣುಮಕ್ಕಳು ತವರಿಗೆ ಬರುವ ಹಬ್ಬ, ಉಂಡಿ, ಜೋಕಾಲಿ, ಉಡುಗೊರೆಯ ಸೀರೆ. ಕಸೂತಿಯವರಿಗೆ ಇದು ತಪ್ಪಿಸಿಕೊಳ್ಳುವ ಹಂಗಾಮಲ್ಲ.

ಅವಳ ಫೋನು ಕೈಗೆ ತೆಗೆದುಕೊಂಡು ನಾನು ಮೊದಲು ಮಾಡಿದ್ದು, ಫೋಟೋಗಳನ್ನು ಬೆರಳಿನಿಂದ ಮುಚ್ಚಿ ಒಕ್ಕಣೆಯ ಮೊದಲ ಸಾಲು ಮಾತ್ರ ಓದಿದ್ದು. ಇನ್‌ಸ್ಟಾಗ್ರಾಂನಲ್ಲಿ 2,200 ಅಕ್ಷರದ ತನಕ ಬರೆಯಲು ಬಿಡುತ್ತಾರೆ ಖರೆ, ಆದರೆ ಬೆರಳಾಡಿಸುತ್ತ ಹೋಗುವವರಿಗೆ ಕಾಣುವುದು ಮೇಲಿನ ಒಂದೆರಡು ಸಾಲು ಮಾತ್ರ. ಉಳಿದದ್ದು ‘more’ ಎಂಬುದರ ಹಿಂದೆ ಅಡಗಿರುತ್ತದೆ. ಅದನ್ನು ಒತ್ತಿ ಓದುವವರು ಮೊದಲ ಸಾಲಿನಲ್ಲಿ ಏನಾದರೂ ಸಿಕ್ಕವರು. ಅಲ್ಲಿ ಏಳೂ ದಿನ ಸಿಕ್ಕಿದ್ದು ನಮಸ್ಕಾರ. ಬೆರಳಿನ ಅಡಿಯಲ್ಲಿ ಇದ್ದದ್ದು ಆನೆಯೋ ಗೋಪುರವೋ ಅಂತ ಬರೆದವಳಿಗೇ ಹೇಳಲು ಬರಲಿಲ್ಲ. ಇನ್ನೊಂದು ಪರೀಕ್ಷೆಯನ್ನೂ ಮಾಡಿದೆವು. ಮಂಗಳವಾರದ ಬರಹವನ್ನು ಶನಿವಾರದ ಫೋಟೋದ ಕೆಳಗೆ ಇಟ್ಟು ನೋಡಿದರೆ ಚೂರೂ ಊನವಾಗದೆ ಹೊಂದಿಕೊಂಡಿತು. ಎಲ್ಲಿಟ್ಟರೂ ಹೊಂದುವ ಮಾತು ಆ ಫೋಟೋದ ಬಗ್ಗೆ ಏನೂ ಹೇಳಿಲ್ಲ ಅಂತಲೇ ಅಲ್ಲವೇ?

ಹುಡುಗಿ ಚುರುಕು. ಮರುದಿನ ಬೆಳಿಗ್ಗೆ ನಾನು ಪಾರಿಜಾತದ ಹೂವು ಆರಿಸುವಷ್ಟರಲ್ಲಿ ಕಂಪೌಂಡಿನ ಮೇಲಿಂದ ಫೋನು ಚಾಚಿದಳು. ‘ಏಳೂ ಬ್ಯಾರೆ ಬರದೀನ್ರಿ ಮೌಶಿ, ಒಂದ್ ಶಬ್ದ ಸುದ್ದಾ ತಿರುಗಿ ಬಂದಿಲ್ಲ ನೋಡ್ರಿ.’ ನೋಡಿದೆ, ಖರೇನೇ ಚೆಂದ ಬರೆದಿದ್ದಳು. ಒಂದರಲ್ಲಿ ಅಜ್ಜಿಯ ಕಾಲದ ಕಲೆ, ಇನ್ನೊಂದರಲ್ಲಿ ಸೂಜಿ ಹಿಡಿದ ಬೆರಳಿನ ತಪಸ್ಸು, ಮತ್ತೊಂದರಲ್ಲಿ ಎಳೆಎಳೆಯಲ್ಲೂ ಧಾರವಾಡದ ಮಣ್ಣಿನ ಪರಿಮಳ. ಓದಿ ಮುಗಿಸಿದ ಮೇಲೆ ಅವಳಿಗೆ ಒಂದು ಕೆಲಸ ಹೇಳಿದೆ. ಪ್ರತಿ ಒಕ್ಕಣೆಯ ಎದುರಿಗೆ, ಇದನ್ನು ಓದಿದವರು ತಕ್ಷಣ ಏನು ಮಾಡಬೇಕು ಅಂತ ಒಂದೇ ಕ್ರಿಯಾಪದ ಬರೆ ಅಂದೆ. ಪೆನ್ನು ತಂದು ಬರೆದಳು. ಕೊಳ್ಳಬೇಕು. ಕೊಳ್ಳಬೇಕು. ಮೆಚ್ಚಿ ಕೊಳ್ಳಬೇಕು. ಕೊಳ್ಳಬೇಕು. ಐದನೆಯದಕ್ಕೆ ಬರುವಷ್ಟರಲ್ಲಿ ಅವಳಿಗೇ ನಗು ಬಂತು.

ಈ ಕೆಲಸದಲ್ಲಿ ಎಲ್ಲರೂ ಎಡವುವುದು ಇಲ್ಲಿಯೇ. ಪುನರಾವರ್ತನೆ ಅಂದ ಕೂಡಲೇ ಶಬ್ದ ಬದಲಿಸಲು ಕೂಡುತ್ತೇವೆ, ಆದರೆ ತಿರುತಿರುಗಿ ಬರುತ್ತಿರುವುದು ಶಬ್ದವಲ್ಲ, ಕೆಲಸ. ‘ಅಜ್ಜಿಯ ಕಾಲದ ಕಲೆ’ ಅಂದರೂ ‘ಬೆರಳಿನ ತಪಸ್ಸು’ ಅಂದರೂ ಓದುವವರಿಗೆ ಮುಟ್ಟುವುದು ಒಂದೇ, ಇದು ಕೈಕೆಲಸ, ಚೆಂದ ಇದೆ, ತಗೊಳ್ರಿ. ಮೂರನೇ ದಿನಕ್ಕೆ ಕಣ್ಣು ಅದರ ಮೇಲೆ ನಿಲ್ಲುವುದಿಲ್ಲ. ಓದಿದ ಮೇಲೆ ಮಾಡಬೇಕಾದದ್ದು ಬೇರೆಯಾದಾಗ ಮಾತ್ರ ಒಕ್ಕಣೆ ಬೇರೆ. ಒಬ್ಬರು ಫೋನು ಮಾಡಬೇಕು, ಇನ್ನೊಬ್ಬರು ಉಳಿಸಿಕೊಳ್ಳಬೇಕು, ಮತ್ತೊಬ್ಬರು ತಂಗಿಗೆ ಕಳಿಸಬೇಕು, ಮಗದೊಬ್ಬರು ಕೆಳಗೆ ತಮ್ಮದೊಂದು ಮಾತು ಬರೆಯಬೇಕು. ಅದೂ ಒಂದು ಪೋಸ್ಟಿಗೆ ಒಂದೇ. ಲೈಕ್ ಮಾಡಿ, ಶೇರ್ ಮಾಡಿ, ಕಮೆಂಟ್ ಮಾಡಿ, ಮೆಸೇಜ್ ಮಾಡಿ ಅಂತ ನಾಲ್ಕೂ ಕೇಳಿದರೆ ಒಂದನ್ನೂ ಮಾಡದೆ ಹೋಗುತ್ತಾರೆ, ನಾವೂ ಹಾಗೇ ಹೋಗುವವರಲ್ಲವೇ?

ಇದನ್ನು ಹೇಳುವಾಗ ನನಗೆ ಬನಶಂಕರಿ ಜಾತ್ರೆಯ ಜೀಪು ನೆನಪಾಯಿತು. ಬಾದಾಮಿಯ ಹತ್ತಿರ ಬನದ ಹುಣ್ಣಿಮೆಗೆ ಶುರುವಾಗುವ ಜಾತ್ರೆ. ವೃತ್ತಿ ನಾಟಕ ಕಂಪನಿಗಳು ಸಾಲಾಗಿ ಥೇಟರು ಹಾಕಿಕೊಂಡು ತಿಂಗಳುಗಟ್ಟಲೆ ಅಲ್ಲೇ ಠಿಕಾಣಿ ಹೂಡುತ್ತವೆ. ನಾವು ಸಣ್ಣವರಿದ್ದಾಗ ಸೋದರಮಾವನ ಊರಿಗೆ ಹೋದರೆ ಧೂಳೆಬ್ಬಿಸಿಕೊಂಡು ಮೈಕಿನ ಜೀಪು ಬರುತ್ತಿತ್ತು, ಅದರ ಹಿಂದೆ ಬಣ್ಣದ ಕಾಗದ ಆರಿಸುತ್ತ ನಾವು. ನಾಟಕ ತಿಂಗಳಿಡೀ ಅದೇ, ಆದರೆ ಜೀಪಿನವನ ಮಾತು ಅದೇ ಅಲ್ಲ. ಮೊದಲ ದಿನಗಳಲ್ಲಿ ನಾಟಕದ ಹೆಸರು, ಕಥೆ ಎಂಥದು ಅನ್ನುವುದು. ಆಮೇಲೆ ಹಾಸ್ಯದ ಪಾತ್ರಧಾರಿಯ ಹೆಸರು ಹಿಡಿದು ಅವನೊಬ್ಬನ ಸುದ್ದಿಯೇ. ಸ್ವಲ್ಪ ದಿನಕ್ಕೆ ಹೆಣ್ಣುಮಕ್ಕಳಿಗೆ ಬೇರೆ ಕೂಡುವ ವ್ಯವಸ್ಥೆ ಇದೆ, ಆಟ ಇಷ್ಟು ಹೊತ್ತಿಗೆ ಬಿಡುತ್ತದೆ ಅನ್ನುವ ಮಾತು. ಅದನ್ನು ಕೇಳಿದ ಮೇಲೆಯೇ ನಮ್ಮ ಅತ್ತೆ ಹೊರಡಲು ತಯಾರಾಗುತ್ತಿದ್ದದ್ದು. ಕಡೆಗೆ ಇನ್ನೆರಡೇ ಆಟ. ಊರಿನಲ್ಲಿ ಬರದೆ ಉಳಿದವರು ಯಾಕೆ ಉಳಿದಿದ್ದಾರೆ ಅನ್ನುವುದು ಆ ಕಂಪನಿಯವರಿಗೆ ಗೊತ್ತಿರುತ್ತಿತ್ತು. ಒಬ್ಬರಿಗೆ ಕಥೆ ಗೊತ್ತಿಲ್ಲ, ಒಬ್ಬರಿಗೆ ಕೂಡಲು ಜಾಗದ ಚಿಂತೆ, ಒಬ್ಬರಿಗೆ ನಾಳೆ ಹೋದರಾಯಿತು ಅನ್ನುವ ಆಲಸ್ಯ. ಒಂದೊಂದು ದಿನ ಒಂದೊಂದು ತಡೆಯನ್ನು ತೆಗೆಯುತ್ತಿದ್ದರು.

ಹಾಗಾದರೆ ಕಸೂತಿ ಕೊಳ್ಳದೆ ನಿಂತವರನ್ನು ತಡೆದದ್ದು ಏನು? ಅದನ್ನು ಕೂತು ಊಹಿಸುವ ಅಗತ್ಯವಿರಲಿಲ್ಲ. ಸೊಸೆಯ ಇನ್‌ಬಾಕ್ಸಿನಲ್ಲೇ ಇತ್ತು. ಹಿಂದಿನ ಎರಡು ತಿಂಗಳ ಮೆಸೇಜುಗಳನ್ನು ತೆಗೆದು, ಜನ ಕೇಳಿದ ಪ್ರಶ್ನೆಗಳನ್ನು ಮಾತ್ರ ಒಂದು ನೋಟ್‌ಬುಕ್ಕಿನಲ್ಲಿ ಅವರವರ ಮಾತಿನಲ್ಲೇ ಇಳಿಸಿಕೊಂಡಳು. ಮಷೀನಿಂದೋ ಕೈಯಿಂದೋ? ಎಷ್ಟು ಬೀಳ್ತದ್ರಿ? ನಮ್ಮದೇ ಸೀರಿ ಕೊಟ್ರ ಹಾಕಿ ಕೊಡ್ತೀರೇನು? ಪಂಚಮಿಗೆ ಸಿಗ್ತದೋ ಇಲ್ಲೋ? ಒಗದ್ರ ಬಣ್ಣ ಬಿಡ್ತದೇನು? ಇವಲ್ಲದೆ ಪ್ರಶ್ನೆಯಲ್ಲದ ಒಂದು ಜಾತಿಯ ಮೆಸೇಜು ಬೇರೆ ಇತ್ತು, ‘ನಮ್ಮ ಅಜ್ಜಿ ಹತ್ರ ಇಂಥಾದ್ದs ಒಂದು ಕರೀ ಚಂದ್ರಕಾಳಿ ಸೀರಿ ಇತ್ತು’ ಅನ್ನುವಂಥದು. ವಾರದ ಕೆಲಸ ಅಲ್ಲಿಯೇ ಸಿದ್ಧವಾಗಿತ್ತು. ಉತ್ತರಗಳನ್ನು ಒಬ್ಬೊಬ್ಬರಿಗೆ ಬಿಡಿಬಿಡಿಯಾಗಿ ಟೈಪು ಮಾಡಿ ಅವಳ ಹೆಬ್ಬೆರಳು ಸವೆದಿತ್ತು, ಪೋಸ್ಟಿನಲ್ಲಿ ಮಾತ್ರ ಒಂದೂ ಇರಲಿಲ್ಲ.

ಸೋಮವಾರಕ್ಕೆ ಮಷೀನಿನ ಪ್ರಶ್ನೆ ಇಟ್ಟುಕೊಂಡೆವು, ಏಕೆಂದರೆ ಅದು ಬಗೆಹರಿಯದೆ ಬೆಲೆಯ ಮಾತು ಮುಂದೆ ಹೋಗುವುದಿಲ್ಲ. ಅಪ್ಪಟ ಕೈಕೆಲಸ ಅಂತ ಎಷ್ಟು ಸಲ ಬರೆದರೂ ಪುರಾವೆ ಆಗುವುದಿಲ್ಲ, ಮಷೀನಿನವರೂ ಅದನ್ನೇ ಬರೆಯುತ್ತಾರೆ. ಪುರಾವೆ ಸೀರೆಯ ಹಿಂಬದಿಯಲ್ಲಿದೆ. ಕಸೂತಿಯಲ್ಲಿ ಗಾವಂತಿ, ಮುರಗಿ, ನೇಯ್ಗಿ, ಮೆಂತಿ ಅಂತ ನಾಲ್ಕು ಹೊಲಿಗೆ. ಗಾವಂತಿಯಲ್ಲಿ ಸೂಜಿ ಒಂದು ಸಲ ಎಳೆ ಬಿಟ್ಟು ಎಳೆ ಹಾಕುತ್ತ ಹೋಗಿ, ಅದೇ ದಾರಿಯಲ್ಲಿ ತಿರುಗಿ ಬರುವಾಗ ಬಿಟ್ಟ ಜಾಗ ತುಂಬುತ್ತದೆ. ಹಾಗಾಗಿ ಮುಂದೆ ಹೇಗೋ ಹಿಂದೆಯೂ ಹಾಗೇ. ಮೆಟ್ಟಿಲು ಮೆಟ್ಟಿಲಾಗಿ ಹೋಗುವ ಮುರಗಿಯೂ ಹಾಗೇ. ದಾರಕ್ಕೆ ಗಂಟು ಹಾಕುವುದಿಲ್ಲ, ತುದಿಯನ್ನು ಹೊಲಿಗೆಯ ಒಳಗೇ ಸೇರಿಸುತ್ತಾರೆ. ಮಷೀನಿನ ಕೆಲಸ ತಿರುವಿದರೆ ಕೆಳಗಿನ ಬಾಬಿನ್ ದಾರ ಕಾಣುತ್ತದೆ, ಹೆಚ್ಚಾಗಿ ಬಿಳಿಯದು, ಎಷ್ಟೋ ಸಲ ಆಧಾರಕ್ಕೆ ಹಾಕಿದ ಕಾಗದದಂಥ ಬಟ್ಟೆಯ ಚೂರೂ ಉಳಿದಿರುತ್ತದೆ. ಆದ್ದರಿಂದ ಫೋಟೋನೇ ಬದಲಾಯಿತು. ಗೋಪುರದ ಸೆರಗಿನ ಒಂದು ಮೂಲೆಯನ್ನು ಮಡಚಿ, ಮುಂಬದಿ ಹಿಂಬದಿ ಎರಡೂ ಒಟ್ಟಿಗೆ ಕಾಣುವ ಹಾಗೆ ಹೊಸದಾಗಿ ತೆಗೆದಳು. ಕೆಳಗೆ ಬರೆದದ್ದು: ‘ಸೆರಗು ತಿರುವಿ ನೋಡ್ರಿ. ಎಡಕ್ಕ ಮುಂಬದಿ, ಬಲಕ್ಕ ಹಿಂಬದಿ. ಯಾರಿಂದ ತಗೊಂಡ್ರೂ ಇದೊಂದು ನೋಡಿ ತಗೋರಿ.’ ಇದರಲ್ಲಿ ಕೊಳ್ಳಿ ಅನ್ನುವ ಮಾತೇ ಇಲ್ಲ. ಓದಿದವರು ತಮ್ಮ ಕಪಾಟು ತೆಗೆದು ಒಂದು ಸೀರೆ ತಿರುವಿ ನೋಡಿದರೆ ಅವತ್ತಿನ ಕೆಲಸ ಮುಗಿಯಿತು.

ಇಲ್ಲಿ ವೈನಿಯವರು ಒಂದು ಮಾತು ಹೇಳಿ ನಮ್ಮನ್ನು ಉಳಿಸಿದರು. ಸೊಸೆ ಹುರುಪಿನಲ್ಲಿ ‘ನಮ್ಮ ಎಲ್ಲಾ ಕಸೂತಿ ಎರಡೂ ಕಡೆ ಒಂದೇ’ ಅಂತ ಸೇರಿಸಲು ಹೊರಟಿದ್ದಳು. ‘ಮೆಂತಿಗೆ ಹಂಗ ಹೇಳಬ್ಯಾಡವಾ’ ಅಂದರು ಒಳಗಿನಿಂದ. ಮೆಂತಿ ಅಂದರೆ ಗುಣಿಸು ಚಿಹ್ನೆಯ ಹೊಲಿಗೆ, ಚಿತ್ತಾರದ ಒಳಗೆ ತುಂಬಲು ಹಾಕುವುದು. ಅದರ ಹಿಂಬದಿ ಮುಂಬದಿಯ ಹಾಗಿರುವುದಿಲ್ಲ. ನೇಯ್ಗಿಯಲ್ಲೂ ಎಳೆ ಮುಂದೆ ಕಂಡಲ್ಲಿ ಹಿಂದೆ ಖಾಲಿ. ಅಂಥ ಸೀರೆ ಕೊಂಡವರು ತಿರುವಿ ನೋಡಿ, ಕೈಕೆಲಸವನ್ನೇ ಮಷೀನಿನದು ಅಂದುಕೊಂಡಾರು. ಅದಕ್ಕೇ ಒಕ್ಕಣೆಯಲ್ಲಿ ಗಾವಂತಿ ಅಂತ ಹೆಸರು ಹಿಡಿದೇ ಬರೆಯಿಸಿದರು. ಒಂದು ಪೋಸ್ಟಿಗೆ ಒಂದೇ ಕೆಲಸ ಕೊಟ್ಟಾಗ ಇಂಥ ತಪ್ಪು ಕಣ್ಣಿಗೆ ಬೀಳುತ್ತದೆ. ಎಲ್ಲವನ್ನೂ ಒಟ್ಟಿಗೆ ಹೇಳುವ ಹಳೆಯ ಒಕ್ಕಣೆಯಲ್ಲಿ ತಪ್ಪಾಗುವಷ್ಟು ನಿರ್ದಿಷ್ಟವಾದ ಮಾತೇ ಇರಲಿಲ್ಲವಲ್ಲ.

ಮಂಗಳವಾರ ಅಜ್ಜಿಯರಿಗೆ. ಆನೆ ಅಂಬಾರಿಯ ಫೋಟೋ ಹಳೆಯದೇ, ಒಕ್ಕಣೆ ಎರಡು ಸಾಲು: ‘ನಿಮ್ಮ ಅಜ್ಜಿ ಸೆರಗಿನ ಮ್ಯಾಲೆ ಏನಿತ್ತು? ಆನಿ, ತೇರು, ತೊಟ್ಟಿಲಾ, ಗಿಣಿ?’ ಇಷ್ಟೇ. ಹಳೆಯ ಅಭ್ಯಾಸಕ್ಕೆ ಸೊಸೆಯ ಬೆರಳು ಕೊನೆಗೆ ‘ಆರ್ಡರಿಗೆ ಸಂಪರ್ಕಿಸಿ’ ಅಂತ ಹಾಕಲು ಹೋಗುತ್ತಿತ್ತು, ನಾನು ತೆಗೆಸಿದೆ. ಅಜ್ಜಿಯ ನೆನಪು ಹೇಳಿ ಅಂತ ಕೇಳಿ, ಅದರ ಬೆನ್ನಿಗೇ ದುಡ್ಡಿನ ಮಾತು ಎತ್ತಿದರೆ ನೆನಪು ಹೇಳುವವರು ಬಾಯಿ ಮುಚ್ಚಿಕೊಳ್ಳುತ್ತಾರೆ. ಬಂದ ಉತ್ತರಗಳನ್ನು ನೋಡಬೇಕಿತ್ತು ನೀವು! ಪುಣೆಯಲ್ಲಿರುವ ಒಬ್ಬರು ತಮ್ಮ ತಾಯಿಯ ಕುಪ್ಪಸದ ಬೆನ್ನಿನ ಮೇಲೆ ತುಳಸಿ ವೃಂದಾವನ ಇತ್ತು ಅಂತ ಬರೆದರು. ಇನ್ನೊಬ್ಬರು ಕುಲಾವಿಯ ಮೇಲಿನ ಗಿಣಿಯ ಫೋಟೋನೇ ಕಳಿಸಿದರು, ಹಾಲು ಕಕ್ಕಿದ ಕಲೆ ಸಹಿತ. ಕುಲಾವಿ ಗೊತ್ತಲ್ಲ, ಕೂಸಿಗೆ ಹಾಕುವ ಟೊಪ್ಪಿಗೆ. ವೈನಿಯವರು ಆ ಗಿಣಿಯನ್ನು ದೊಡ್ಡದು ಮಾಡಿಸಿ, ಕನ್ನಡಕ ಹಾಕಿಕೊಂಡು, ಎಳೆ ಎಣಿಸಿ, ಚೌಕುಳಿ ಕಾಗದದ ಮೇಲೆ ಇಳಿಸಿಕೊಂಡರು. ಅಂಥ ಕೊಕ್ಕಿನ ಗಿಣಿ ಅವರ ಹತ್ತಿರ ಇರಲಿಲ್ಲವಂತೆ.

ಬುಧವಾರ ಬೆಲೆ. ಅತ್ತೆ-ಸೊಸೆ ಇಬ್ಬರಿಗೂ ಇದರ ಬಗ್ಗೆ ಅಳುಕು. ಬೆಲೆ ಬಹಿರಂಗ ಬರೆದರೆ ಮಂದಿ ಹೆದರುತ್ತಾರೆ, ಪಕ್ಕದವರು ಕಡಿಮೆ ಹೇಳುತ್ತಾರೆ ಅಂತ. ನನ್ನ ಅಭಿಪ್ರಾಯ ಬೇರೆ. ‘ಬೆಲೆಗೆ ಮೆಸೇಜ್ ಮಾಡಿ’ ಅಂದಾಗ ಸಂಕೋಚದವರು ಕೇಳದೆಯೇ ಹೋಗುತ್ತಾರೆ, ಕೇಳಿದವರಲ್ಲಿ ಹೆಚ್ಚಿನವರು ಸಂಖ್ಯೆ ಕೇಳಿ ಸುಮ್ಮನಾಗುತ್ತಾರೆ, ನಡುವೆ ಹೋಗುವುದು ಸೊಸೆಯ ಹೊತ್ತು. ಬರೀ ಸಂಖ್ಯೆ ಬರೆದರೆ ಹೆದರುತ್ತಾರೆ ಅನ್ನುವುದು ಮಾತ್ರ ನಿಜ, ಹಾಗಾಗಿ ಅದನ್ನು ಬಿಡಿಸಿ ಬರೆದೆವು. ‘ಇಲಕಲ್ ಸೀರಿ 1,800 ರೂಪಾಯಿ, ಸೆರಗಿನ ಕಸೂತಿ 4,200, ಒಟ್ಟು 6,000. ಒಬ್ಬಾಕಿ ದಿನಾ ಮಧ್ಯಾಹ್ನ ಕೂತರ 20 ದಿನದ ಕೆಲಸ. ಬಟ್ಟಿ ಮ್ಯಾಲೆ ಪೆನ್ಸಿಲ್ ಗೀಟು ಇಲ್ಲ, ಅಚ್ಚು ಇಲ್ಲ, ಎಳಿ ಎಣಿಸಿ ಹಾಕೂದು.’ ಹೇಗೆ ಮಾಡುತ್ತಾರೆ ಅನ್ನುವ ಕಥೆಗೆ ಸೊಸೆ ಮೊದಲು ಬೇರೆಯೇ ಒಂದು ದಿನ ಇಟ್ಟಿದ್ದಳು. ಆದರೆ ಅದು ಸೋಮವಾರದ ಪೋಸ್ಟಿನ ಕೆಲಸವನ್ನೇ ಮತ್ತೆ ಮಾಡುತ್ತಿತ್ತು, ಇದು ಕೈಯದು ಅಂತ ನಂಬಿಸುವುದು. ಎಳೆ ಎಣಿಸುವ ಮಾತನ್ನು ಬೆಲೆಯ ಪಕ್ಕ ತಂದಾಗ ಅದಕ್ಕೆ ಬೇರೆ ಕೆಲಸ ಸಿಕ್ಕಿತು, 4,200 ಯಾಕೆ ಅಂತ ಹೇಳುವುದು.

ಗುರುವಾರದ್ದು ನಮ್ಮದೇ ಸೀರೆಗೆ ಹಾಕಿ ಕೊಡುತ್ತೀರಾ ಅನ್ನುವವರಿಗೆ. ಇದರ ಉತ್ತರ ಹೌದು ಅಂತಲೂ ಅಲ್ಲ, ಇಲ್ಲ ಅಂತಲೂ ಅಲ್ಲ. ನೇಯ್ಗೆಯ ಎಳೆ ಕಣ್ಣಿಗೆ ಕಂಡರೆ ನೇರ ಹಾಕಬಹುದು. ಜಾರ್ಜೆಟ್, ಶಿಫಾನಿನಂಥ ಬಟ್ಟೆಯಲ್ಲಿ ಎಳೆ ಎಣಿಸಲು ಆಗದು. ಅದರ ಮೇಲೆ ಜಾಳು ನೇಯ್ಗೆಯ ಕ್ಯಾನ್ವಾಸ್ ಬಟ್ಟೆ ಟಾಕಿ, ಅದರ ಎಳೆ ಎಣಿಸಿ ಕಸೂತಿ ಮುಗಿಸಿ, ಆಮೇಲೆ ಕ್ಯಾನ್ವಾಸಿನ ಎಳೆಗಳನ್ನು ಒಂದೊಂದಾಗಿ ಎಳೆದು ತೆಗೆಯಬೇಕು. ಹೊತ್ತು ಹೆಚ್ಚು, ದರವೂ ಹೆಚ್ಚು. ಆದ್ದರಿಂದ ಓದಿದವರು ಮಾಡಬೇಕಾದದ್ದು, ತಮ್ಮ ಸೀರೆಯ ಒಂದು ಮೂಲೆಯನ್ನು ಹಗಲು ಬೆಳಕಿನಲ್ಲಿ ಹತ್ತಿರದಿಂದ ಫೋಟೋ ತೆಗೆದು ಕಳಿಸುವುದು. ಅಷ್ಟನ್ನೇ ಕೇಳಿದಳು.

ಶುಕ್ರವಾರ ಪಂಚಮಿಯ ಗಡುವು. ಕೆಲಸಕ್ಕೆ 20 ದಿನ ಬೇಕು. ಗುರುಪೂರ್ಣಿಮೆಯಿಂದ ಪಂಚಮಿಗೆ ಇರುವುದೂ ಸುಮಾರು ಅಷ್ಟೇ ದಿನ. ಅಂದರೆ ಪೂರ್ತಿ ಸೆರಗು ಬೇಕಾದವರು ಹುಣ್ಣಿಮೆಯ ಒಳಗೆ ಹೇಳಬೇಕು, ಆಮೇಲೆ ಬಂದವರಿಗೆ ಕುಪ್ಪಸದ ತೋಳಷ್ಟೇ. ಸೊಸೆ ‘ಇನ್ನು ಎಂಟೇ ದಿನ, ತ್ವರೆ ಮಾಡಿ’ ಅಂತ ಬರೆದಿದ್ದಳು. ಇಲ್ಲಿ ಒಂದು ಸಣ್ಣ ತೊಡಕಿದೆ, ಬಹಳ ಮಂದಿಗೆ ಹೊಳೆಯುವುದಿಲ್ಲ. ಇನ್‌ಸ್ಟಾಗ್ರಾಂ ಪೋಸ್ಟುಗಳನ್ನು ಹಾಕಿದ ಕ್ರಮದಲ್ಲೇ ಎಲ್ಲರಿಗೂ ತೋರಿಸುವುದಿಲ್ಲ. ಶುಕ್ರವಾರದ್ದು ಒಬ್ಬರಿಗೆ ಸೋಮವಾರ ಕಂಡೀತು, ಅಷ್ಟೊತ್ತಿಗೆ ಎಂಟು ದಿನ ಐದಾಗಿರುತ್ತದೆ. ಅದಕ್ಕೇ ಪೋಸ್ಟಿನಲ್ಲಿ ವಾರ, ತಾರೀಖು ಎರಡನ್ನೂ ಬಿಡಿಸಿ ಬರೆಯಬೇಕು, ನಾಳೆ-ನಾಡಿದ್ದು ಅನ್ನಬಾರದು. ‘ನಾಳೆ ಕೊನೆ’ ಅನ್ನುವ ಮಾತಿಗೆ ವಾಟ್ಸ್ಆ್ಯಪ್ ಸ್ಟೇಟಸ್ ಸರಿ, 24 ತಾಸಿಗೆ ತಾನೇ ಅಳಿಸಿಹೋಗುತ್ತದಲ್ಲ. ಇದೇ ಕಾರಣಕ್ಕೆ ‘ನಿನ್ನೆ ಹೇಳಿದ ಹಾಗೆ’ ಅಂತ ಯಾವ ಒಕ್ಕಣೆಯಲ್ಲೂ ಬರಬಾರದು. ಯಾರು ಯಾವುದನ್ನು ಮೊದಲು ನೋಡುತ್ತಾರೋ ಹೇಳಲಾಗದು. ವಾರ ಒಂದೇ ಕಥೆಯಂತೆ ನಮಗೆ ಕಂಡರೂ ಪ್ರತಿಯೊಂದೂ ಒಂಟಿಯಾಗಿ ನಿಲ್ಲಬೇಕು.

ಶನಿವಾರದ್ದು ನನಗೆ ಎಲ್ಲಕ್ಕಿಂತ ಮೆಚ್ಚುಗೆ, ಏಕೆಂದರೆ ಅದು ಈಗಾಗಲೇ ಕೊಂಡವರಿಗೆ. ಮಾರಾಟ ಮಾಡುವವರು ಕೊಂಡವರನ್ನು ಮರೆತುಬಿಡುತ್ತಾರೆ, ಹೌದಿಲ್ರಿ? ಹಸಿ ಬಿಳಿ ಬಟ್ಟೆಯ ಚೂರನ್ನು ಕಸೂತಿಯ ಹಿಂಬದಿಗೆ ಒತ್ತಿ ನೋಡುವುದು, ಕೆಂಪು ಹತ್ತಿದರೆ ಮನೆಯಲ್ಲಿ ಒಗೆಯದೆ ಡ್ರೈಕ್ಲೀನಿಂಗಿಗೆ ಕೊಡುವುದು. ಹತ್ತದಿದ್ದರೆ ತಣ್ಣೀರಿನಲ್ಲಿ ಬೇರೆಯಾಗಿ ಒಗೆಯುವುದು, ಹಿಂಡದೆ ನೆರಳಿಗೆ ಹಾಕುವುದು, ಇಸ್ತ್ರಿಯನ್ನು ಹಿಂಬದಿಯಿಂದ ಮಾಡುವುದು. ‘ಉಳಿಸಿಟ್ಕೋರಿ, ಸೀರಿ ಒಗಿಯೂ ದಿನ ಬೇಕಾಗ್ತದ’ ಅಂತ ಕೊನೆಗೊಂದು ಸಾಲು. ಇಂಥ ಪೋಸ್ಟಿಗೆ ಹಾರ್ಟು ಕಡಿಮೆ ಬರುತ್ತದೆ, ಬಂದದ್ದೂ ಕಡಿಮೆಯೇ, ಸೊಸೆಯ ಮುಖ ಸಣ್ಣದಾಯಿತು. ಹಾರ್ಟು ಎಣಿಸಬೇಡ, ‘Insights’ ತೆಗೆದು ಎಷ್ಟು ಮಂದಿ ಉಳಿಸಿಕೊಂಡಿದ್ದಾರೆ ನೋಡು ಅಂದೆ. ಆ ವಾರದ ಪೋಸ್ಟುಗಳಲ್ಲಿ ಹೆಚ್ಚು ಮಂದಿ ಉಳಿಸಿಕೊಂಡದ್ದು ಅದನ್ನೇ. ಪ್ರತಿ ಪೋಸ್ಟನ್ನೂ ಅದರದರ ಕೆಲಸದಿಂದಲೇ ಅಳೆಯಬೇಕು. ಮಂಗಳವಾರದ್ದಕ್ಕೆ ಬಂದ ಮಾತುಗಳು, ಗುರುವಾರದ್ದಕ್ಕೆ ಬಂದ ಸೀರೆಮೂಲೆಯ ಫೋಟೋಗಳು, ಶುಕ್ರವಾರದ್ದಕ್ಕೆ ಬಂದ ಫೋನು. ಎಲ್ಲಕ್ಕೂ ಹಾರ್ಟನ್ನೇ ಅಳತೆ ಮಾಡಿದರೆ ಮುಂದಿನ ವಾರ ಏಳೂ ದಿನ ಆನೆ ಅಂಬಾರಿಯೇ ಬಂದೀತು.

ಭಾನುವಾರಕ್ಕೆ ಸೊಸೆಯ ಹತ್ತಿರ ಸೂರ್ಯೋದಯದ ಚಿತ್ರದ ಮೇಲೆ ‘ಶುಭ ಭಾನುವಾರ’ ಅಂತ ಬರೆದದ್ದೊಂದಿತ್ತು. ಅದರ ಎದುರಿಗೆ ಬರೆಯಲು ಕ್ರಿಯಾಪದ ಸಿಗಲಿಲ್ಲ. ಖಾಲಿ ಬಿಟ್ಟೆವು. ‘ದಿನಾ ಹಾಕಬೇಕು, ಇಲ್ಲಾಂದ್ರ ಮಂದಿ ಮರೀತಾರ’ ಅಂತ ಅವಳ ವಾದ. ಕೆಲಸವಿಲ್ಲದ ಪೋಸ್ಟು ಹಾಕಿದರೆ ಮಂದಿಗೆ ನೆನಪಾಗುವುದಿಲ್ಲ, ನಮ್ಮ ಹೆಸರು ಕಂಡ ಕೂಡಲೇ ಬೆರಳು ಮೇಲಕ್ಕೆತ್ತುವ ರೂಢಿಯಾಗುತ್ತದೆ ಅಂತ ನನ್ನದು. ಈ ವಿಷಯದಲ್ಲಿ ನಾವಿಬ್ಬರೂ ಇನ್ನೂ ಪೂರ್ತಿ ಒಪ್ಪಿಲ್ಲ, ಆದರೆ ಆ ಭಾನುವಾರ ಅವಳು ಗಂಡನ ಜೊತೆ ಉಣಕಲ್ ಕೆರೆಗೆ ಹೋಗಿ ಬಂದಳು, ಅದಂತೂ ಒಳ್ಳೆಯದೇ ಆಯಿತು.

ಭಾಷೆಯ ಬಗ್ಗೆ ಒಂದು ಮಾತು ಬಿಟ್ಟೆ. ಮೊದಲು ಪ್ರತಿ ಒಕ್ಕಣೆಯೂ ಕನ್ನಡದಲ್ಲೊಮ್ಮೆ, ಇಂಗ್ಲಿಷಿನಲ್ಲೊಮ್ಮೆ ಇರುತ್ತಿತ್ತು. ಈಗ ಅಜ್ಜಿಯ ಸೆರಗಿನದು ಕನ್ನಡದಲ್ಲಷ್ಟೇ, ಅದೂ ಮನೆಯ ಮಾತಿನಲ್ಲೇ. ಬೆಲೆ, ಗಡುವು, ಒಗೆಯುವ ಕ್ರಮ ಇವಕ್ಕೆ ಕೆಳಗೆ ಇಂಗ್ಲಿಷಿನ ನಾಲ್ಕು ಸಾಲು. ಬೆಂಗಳೂರು, ಪುಣೆ ಅಂತ ಹೊರಗಿದ್ದವರು ಕೊಳ್ಳುವಾಗ ಕೇಳುವುದು ಅಷ್ಟನ್ನೇ.

ವಾರ ಮುಗಿದ ಮೇಲೆ ಇನ್‌ಬಾಕ್ಸು ಬೇರೆ ಥರ ಕಾಣತೊಡಗಿತು. ಎಷ್ಟು ಬೀಳ್ತದ್ರಿ ಅನ್ನುವವರು ಕಡಿಮೆಯಾದರು, ‘ಹಸರ್ ಸೀರಿಗೆ ಯಾವ ದಾರ ಒಪ್ಪತದ’ ಅನ್ನುವವರು, ‘ತೇರು ಸಣ್ಣದು ಮಾಡಿದ್ರ ಹತ್ತು ದಿನಕ್ಕ ಆದೀತೇನು’ ಅನ್ನುವವರು ಬಂದರು. ಇವು ಕೊಳ್ಳಲು ನಿಶ್ಚಯಿಸಿದವರ ಪ್ರಶ್ನೆಗಳು. ಸೊಸೆ ಅವನ್ನೂ ನೋಟ್‌ಬುಕ್ಕಿಗೆ ಇಳಿಸಿಕೊಳ್ಳುತ್ತಿದ್ದಾಳೆ, ಶ್ರಾವಣದ ವಾರಗಳಿಗೆ ಆದಾವು ಅಂತ. ಸೋಮವಾರದ ಹಿಂಬದಿಯ ಪೋಸ್ಟನ್ನು ತಿಂಗಳು ಬಿಟ್ಟು ಮತ್ತೆ ಹಾಕಬೇಕಾಗುತ್ತದೆ, ಹೊಸಬರು ಬರುತ್ತಲೇ ಇರುತ್ತಾರಲ್ಲ. ಆಗ ಗೋಪುರದ ಬದಲು ಮುರಗಿಯ ಮೆಟ್ಟಿಲು ತೋರಿಸೋಣ ಅಂತ ವೈನಿಯವರು ಈಗಲೇ ಒಂದು ಕರಿಯ ಚಂದ್ರಕಾಳಿಗೆ ಸೂಜಿ ಹಾಕಿದ್ದಾರೆ.